ನಳ್ಳಿ ಮುಟ್ಟಿದರೆ ಶಾಕ್: ವಾಶರಿನಿಂದ ಅರ್ತಿಂಗಿನವರೆಗೆ ಮೆಕ್ಯಾನಿಕ್ ಆಡುವ ಮಾತುಗಳು ಮತ್ತು ಮಾಡಬೇಕಾದ ಕೆಲಸಗಳು

ಉಡುಪಿಯ ಕುಂಜಿಬೆಟ್ಟಿನ ಒಂದು ಹಳೆಯ ಹಂಚಿನ ಮನೆಗೆ ಬಚ್ಚಲಿನ ನಳ್ಳಿ ಸೋರುತ್ತದೆಂದು ಪ್ಲಂಬರ್ ಬಂದಿದ್ದರು. ಐದು ನಿಮಿಷದಲ್ಲಿ ವಾಶರ್ ಬದಲಿಸಿ ಹೋಗಬೇಕಾಗಿದ್ದ ಅವರು, ಸ್ಪ್ಯಾನರ್ ಹಿಡಿದು ನಳ್ಳಿಗೆ ಕೈ ಹಾಕಿದೊಡನೆ ಹಿಂದೆ ಸರಿದು, "ಅಮ್ಮಾ, ಇದರಲ್ಲಿ ಅರ್ತ್ ಹೊಡೀತಾ ಉಂಟು, ಮೊದಲು ಕರೆಂಟಿನವರನ್ನು ಕರೆಯಿರಿ" ಎಂದರು. ಆ ಕರೆಂಟಿನವನಾಗಿ ಅಲ್ಲಿಗೆ ಹೋದವನು ನಾನು. ಮನೆಯ ಅಮ್ಮ ಗೊಂದಲದಲ್ಲಿದ್ದರು. "ಅರ್ತ್ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ಹೇಳ್ತಾರಲ್ಲ, ಇವರು ಅರ್ತ್ ಹೊಡೀತದೆ ಅಂತಾರಲ್ಲ ಮಾರಾಯ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ನಮ್ಮ ಕಸುಬಿನಲ್ಲಿ ಒಂದೇ ಶಬ್ದ ಎರಡು ವಿರುದ್ಧ ಸಂಗತಿಗಳಿಗೆ ಬಳಕೆಯಾಗುವುದುಂಟು. ಆದ್ದರಿಂದ ಆ ಮನೆಯಲ್ಲಿ ನಡೆದ ಕೆಲಸವನ್ನೇ ಹಿಡಿದು, ಶಬ್ದಗಳನ್ನೂ ಹಂತಗಳನ್ನೂ ಒಟ್ಟಿಗೆ ವಿವರಿಸುತ್ತೇನೆ.

ಮೊದಲು ಮಾತು ಸ್ಪಷ್ಟವಾಗಲಿ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸಜೀವ ತಂತಿ, ತಟಸ್ಥ ತಂತಿ, ಭೂಸಂಪರ್ಕ ತಂತಿ ಎಂದು ಓದಿರುತ್ತೇವೆ. ಶಬ್ದಗಳು ಒಳ್ಳೆಯವೇ, ಆದರೆ ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಜೀವ ತಂತಿ ಕೊಡಿ ಎಂದರೆ ಯಾರೂ ಕೊಡಲಾರರು. ಕೆಲಸದವರ ಬಾಯಲ್ಲಿ ಅವು ಕ್ರಮವಾಗಿ ಫೇಸ್, ನ್ಯೂಟ್ರಲ್, ಅರ್ತ್. ಫೇಸಿನಲ್ಲಿ ಕರೆಂಟ್ ಬರುತ್ತದೆ, ನ್ಯೂಟ್ರಲಿನಲ್ಲಿ ಮರಳುತ್ತದೆ. ಅರ್ತ್ ತಂತಿಗೆ ನಿತ್ಯದ ಕೆಲಸವಿಲ್ಲ. ಉಪಕರಣದ ಲೋಹದ ಮೈಗೆ ಅಕಸ್ಮಾತ್ತಾಗಿ ಕರೆಂಟ್ ತಗುಲಿದರೆ ಅದನ್ನು ಮನುಷ್ಯನ ಮೈ ಮೂಲಕ ಅಲ್ಲದೆ ನೇರವಾಗಿ ಮಣ್ಣಿಗೆ ಇಳಿಸುವುದಕ್ಕಾಗಿಯೇ ಅದು ಇರುವುದು. ಈ ಇಡೀ ಏರ್ಪಾಡಿಗೆ, ಅಂದರೆ ತಂತಿಯಿಂದ ಹಿಡಿದು ಅಂಗಳದಲ್ಲಿ ಹೂತ ಪೈಪಿನವರೆಗೆ ಎಲ್ಲಕ್ಕೂ ಸೇರಿ, ಅರ್ತಿಂಗ್ ಎನ್ನುತ್ತಾರೆ.

ಇನ್ನು "ಅರ್ತ್ ಹೊಡೆಯುತ್ತದೆ" ಎಂಬ ಮಾತು. ಕರೆಂಟ್ ತನ್ನ ದಾರಿ ಬಿಟ್ಟು ಲೋಹದ ಮೈಗೋ ಒದ್ದೆ ಗೋಡೆಗೋ ಸೋರುತ್ತಿದೆ ಎಂಬುದು ಅದರ ಅರ್ಥ. ಹೀಗಾಗಿ "ಅರ್ತ್ ಹೊಡೆಯುತ್ತದೆ" ಎಂದರೆ ಬಹಳ ಸಲ "ಅರ್ತಿಂಗ್ ಸರಿಯಿಲ್ಲ" ಎಂದೇ ತಿಳಿಯಬೇಕು. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಈ ಎರಡೂ ಮಾತನ್ನು ಬಿಟ್ಟು, "ಬಚ್ಚಲಿನ ನಳ್ಳಿ ಮುಟ್ಟಿದರೆ ಜುಮ್ಮೆನ್ನುತ್ತದೆ, ಗೀಸರ್ ಹಾಕಿದಾಗ ಮಾತ್ರ" ಎಂದು ಕಂಡದ್ದನ್ನು ಕಂಡಂತೆ ಹೇಳಿದರೆ ಬರುವವನು ಸರಿಯಾದ ಸಾಮಾನು ಹಿಡಿದು ಬರುತ್ತಾನೆ.

ಹಂತ 1: ಕರೆಂಟ್ ತೆಗೆಯುವುದು, ಅದೂ ಮೇನಿನಲ್ಲಿ

ನಳ್ಳಿಯಲ್ಲಿ ಅಥವಾ ಷವರಿನಲ್ಲಿ ಸಣ್ಣ ಚುಚ್ಚು ಅನುಭವಕ್ಕೆ ಬಂದರೂ ಸ್ನಾನ ನಿಲ್ಲಿಸಿ ಹೊರಗೆ ಬರಬೇಕು. ಗೀಸರಿನ ಸ್ವಿಚ್ ಆರಿಸಿದರೆ ಸಾಕೆಂದು ತಿಳಿಯಬಾರದು. ಸ್ವಿಚ್ ಯಾವಾಗಲೂ ಫೇಸ್ ತಂತಿಯನ್ನು ಕಡಿಯಬೇಕು. ಆದರೆ ಹಳೆಯ ಮನೆಗಳಲ್ಲಿ ಯಾರೋ ರಿಪೇರಿ ಮಾಡುವಾಗ ತಂತಿ ಅದಲುಬದಲಾಗಿ ಸ್ವಿಚ್ ನ್ಯೂಟ್ರಲಿನಲ್ಲಿ ಕುಳಿತಿರುವುದನ್ನು ನಾನು ಅನೇಕ ಕಡೆ ನೋಡಿದ್ದೇನೆ. ಆಗ ಸ್ವಿಚ್ ಆರಿಸಿದರೆ ಗೀಸರ್ ಕಾಯುವುದು ನಿಲ್ಲುತ್ತದೆ, ಆದರೆ ಅದರೊಳಗೆ ಫೇಸ್ ಹಾಗೆಯೇ ಇರುತ್ತದೆ. ಗೀಸರಿಗೆ ಡಿಪಿ ಸ್ವಿಚ್ ಹಾಕಬೇಕೆನ್ನುವುದು ಇದಕ್ಕಾಗಿಯೇ. ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುತ್ತದೆ. ಡಿಪಿ ಇಲ್ಲದಿದ್ದರೆ ಕೈ ಒರೆಸಿಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡು, ಮೀಟರಿನ ಬಳಿಯ ಮೇನ್ ಸ್ವಿಚ್ಚನ್ನೇ ಕೆಳಗೆ ಮಾಡಬೇಕು.

ಮೇನ್ ಸ್ವಿಚ್ಚಿನ ಆಚೆಗೆ, ಮೀಟರಿನ ಹತ್ತಿರ ಸೀಲ್ ಮಾಡಿದ ಕಟ್‌ಔಟ್, ಅಂದರೆ ಕಂಬದಿಂದ ಬರುವ ಲೈನಿನ ಫ್ಯೂಸ್, ಇರುತ್ತದೆ. ಅದು ಮೆಸ್ಕಾಂಗೆ ಸೇರಿದ್ದು. ಅದನ್ನು ಮನೆಯವರೂ ಮುಟ್ಟಬಾರದು, ಖಾಸಗಿ ಮೆಕ್ಯಾನಿಕ್ಕೂ ಮುಟ್ಟಬಾರದು. ಅಲ್ಲಿ ಕಿಡಿ ಅಥವಾ ಸುಟ್ಟ ವಾಸನೆ ಇದ್ದರೆ 1912ಕ್ಕೆ ಫೋನ್ ಮಾಡಬೇಕು.

ಹಂತ 2: ವಾಶರ್, ನೀರಿನ ಕಡೆಯದು

ಮೇನ್ ಆರಿಸಿದ ಮೇಲೆ ಪ್ಲಂಬರ್ ತಮ್ಮ ಕೆಲಸವನ್ನು ಮುಗಿಸಿದರು. ಅದನ್ನು ಹತ್ತಿರದಿಂದ ನೋಡಿದರೆ ಶಬ್ದಗಳು ತಾವಾಗಿಯೇ ತಿಳಿಯುತ್ತವೆ. ಮೊದಲು ಟಾಂಕಿಯಿಂದ ಬರುವ ಗೇಟ್ ವಾಲ್ವ್ ಮುಚ್ಚಿ, ನಳ್ಳಿ ತೆರೆದು, ಪೈಪಿನಲ್ಲಿ ಉಳಿದ ನೀರನ್ನು ಇಳಿಸಿದರು. ಆಮೇಲೆ ನಳ್ಳಿಯ ತಲೆಯನ್ನು ಸ್ಪ್ಯಾನರಿನಿಂದ ಬಿಚ್ಚಿದರು. ತಿರುಗಿಸುವ ಹಿಡಿಯೊಡನೆ ಬರುವ ದಂಟಿಗೆ ಸ್ಪಿಂಡಲ್ ಎಂದೂ, ಅದರ ತುದಿಯಲ್ಲಿ ಮೇಲೆ ಕೆಳಗೆ ಆಡುವ ಪುಟ್ಟ ಹಿತ್ತಾಳೆಯ ತುಂಡಿಗೆ ಜಂಪರ್ ಎಂದೂ ಹೆಸರು. ಜಂಪರಿನ ಅಡಿಗೆ ಅಂಟಿಕೊಂಡಿರುವ ರಬ್ಬರ್ ಬಿಲ್ಲೆಯೇ ವಾಶರ್. ಹಳಬರು ಅದನ್ನು ವಾಸರ್ ಎನ್ನುತ್ತಾರೆ. ನಳ್ಳಿ ಮುಚ್ಚಿದಾಗ ಈ ಬಿಲ್ಲೆ ಒಳಗಿನ ದುಂಡನೆಯ ಅಂಚಿನ ಮೇಲೆ ಒತ್ತಿ ಕುಳಿತು ನೀರನ್ನು ತಡೆಯುತ್ತದೆ. ಆ ಅಂಚಿಗೆ ಸೀಟ್ ಎನ್ನುತ್ತಾರೆ.

ತೆಗೆದ ವಾಶರಿನ ಮೇಲೆ ಉಂಗುರದಂತೆ ಒಂದು ಹಳ್ಳ ಬಿದ್ದಿತ್ತು, ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿತ್ತು. ಅಂಥದ್ದನ್ನು ಮಗುಚಿ ಹಾಕಿದರೆ ಕೆಲವು ದಿನ ನಡೆಯುತ್ತದೆ, ಮತ್ತೆ ಸೋರುತ್ತದೆ. ಅರ್ಧ ಇಂಚಿನ ನಳ್ಳಿಗೆ ಅರ್ಧ ಇಂಚಿನ ವಾಶರ್ ಎಂದೇ ಅಂಗಡಿಯಲ್ಲಿ ಕೇಳಬೇಕು, ಹಳೆಯದನ್ನು ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಹೊಸ ವಾಶರ್ ಹಾಕಿದ ಮೇಲೂ ಹನಿ ನಿಲ್ಲದಿದ್ದರೆ ದೋಷ ಸೀಟಿನಲ್ಲಿದೆ. ಬೆರಳ ತುದಿಯಿಂದ ಸವರಿದರೆ ಚಿಕ್ಕ ಕಚ್ಚು ಕೈಗೆ ಸಿಗುತ್ತದೆ. ಸೀಟ್ ಕಚ್ಚಿದ ನಳ್ಳಿಯನ್ನು ಬಿಗಿಯಾಗಿ ತಿರುಗಿಸಿ ತಡೆಯಲು ಹೋದರೆ ಹೊಸ ವಾಶರೂ ವಾರದೊಳಗೆ ಹರಿಯುತ್ತದೆ, ಅದಕ್ಕಿಂತ ನಳ್ಳಿಯನ್ನೇ ಬದಲಿಸುವುದು ಲೇಸು. ಹಿಡಿಯ ಕೆಳಗಿನಿಂದ ನೀರು ಒಸರುವುದು ಬೇರೆಯೇ ದೋಷ. ಅದು ಸ್ಪಿಂಡಲಿನ ಸುತ್ತಲಿನ ಪ್ಯಾಕಿಂಗ್ ಹೋದದ್ದರಿಂದ ಆಗುವುದು, ಅದಕ್ಕೆ ವಾಶರ್ ಬದಲಿಸಿ ಪ್ರಯೋಜನವಿಲ್ಲ.

ಹಂತ 3: ಕರೆಂಟ್ ಎಲ್ಲಿಂದ ಬರುತ್ತಿದೆ?

ಪ್ಲಂಬರ್ ಹೋದ ಮೇಲೆ ಮೇನ್ ಹಾಕಿಸಿ ನಳ್ಳಿಗೆ ಟೆಸ್ಟರ್ ಇಟ್ಟೆ. ಟೆಸ್ಟರ್ ಎಂದರೆ ಒಳಗೆ ಸಣ್ಣ ನಿಯಾನ್ ದೀಪವಿರುವ ಸ್ಕ್ರೂಡ್ರೈವರ್. ದೀಪ ಉರಿಯಿತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಟೆಸ್ಟರ್ ಉರಿದರೆ ಕರೆಂಟ್ ಇದೆ ಎಂದು ಹೇಳಬಹುದೇ ಹೊರತು, ಉರಿಯದಿದ್ದರೆ ಇಲ್ಲ ಎಂದು ಹೇಳಲಾಗದು. ನಿಯಾನ್ ದೀಪ ಹೊತ್ತಲು ಹಲವು ಹತ್ತು ವೋಲ್ಟ್ ಬೇಕು. ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ಒದ್ದೆ ಮೈಗೆ ಅಪಾಯವೇ. ಒಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಪರೀಕ್ಷಿಸಿದರೂ ಅದು ಸರಿಯಾಗಿ ಉರಿಯದು.

ಮೂಲ ಹುಡುಕುವ ಕ್ರಮ ಸರಳವಾದುದು. ಮನೆಯಲ್ಲಿ ನೀರಿಗೂ ಕರೆಂಟಿಗೂ ನಂಟಿರುವ ಉಪಕರಣಗಳು ಸಾಮಾನ್ಯವಾಗಿ ಮೂರು: ಬಾವಿಯ ಪಂಪು, ವಾಷಿಂಗ್ ಮೆಷಿನ್ ಮತ್ತು ಗೀಸರ್. ಒಂದೊಂದರ ಪ್ಲಗ್ಗನ್ನೇ ಕಿತ್ತು, ಪ್ರತಿ ಸಲವೂ ನಳ್ಳಿಗೆ ಟೆಸ್ಟರ್ ಇಡಬೇಕು. ಸ್ವಿಚ್ ಆರಿಸಿದರೆ ಸಾಲದು, ಕಾರಣವನ್ನು ಮೇಲೆಯೇ ಹೇಳಿದ್ದೇನೆ. ಪಂಪಿನದು ಕಿತ್ತೆ, ದೀಪ ಉರಿಯುತ್ತಲೇ ಇತ್ತು. ಗೀಸರಿನ ತ್ರೀಪಿನ್ ಕಿತ್ತೊಡನೆ ಆರಿತು. ಮತ್ತೆ ಹಾಕಿದೆ, ಉರಿಯಿತು. ಕಳ್ಳ ಸಿಕ್ಕಿದ. ಮೂರನ್ನೂ ಕಿತ್ತ ಮೇಲೆಯೂ ಉರಿಯುವುದಾದರೆ ಗೋಡೆಯೊಳಗಿನ ತಂತಿಯ ಸಿಪ್ಪೆ ಹೋಗಿ ಪೈಪಿಗೆ ತಾಗಿರಬೇಕು. ಅದು ಮಳೆಗಾಲದಲ್ಲಿ ಗೋಡೆ ನೀರು ಕುಡಿಯುವ ನಮ್ಮ ಮನೆಗಳಲ್ಲಿ ಅಪರೂಪವಲ್ಲ, ಆದರೆ ಅದನ್ನು ಹುಡುಕುವ ದಾರಿ ಬೇರೆ.

ಗೀಸರಿನ ಒಳಗೆ ನೀರು ಕಾಯಿಸುವ ಸುರುಳಿಗೆ ಕಾಯಿಲ್ ಎಂದೇ ಹೆಸರು. ತಾಮ್ರದ ಅಥವಾ ಬೇರೆ ಲೋಹದ ಕೊಳವೆಯ ನಡುವೆ ಬಿಸಿಯಾಗುವ ತಂತಿ ಇರುತ್ತದೆ, ಎರಡರ ನಡುವೆ ಬಿಳಿಯ ಪುಡಿ ತುಂಬಿರುತ್ತದೆ. ಹೊರಗಿನ ಕೊಳವೆ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತಾದರೆ ನೀರು ಒಳಗೆ ಹೋಗಿ ಪುಡಿ ಒದ್ದೆಯಾಗುತ್ತದೆ, ಅಲ್ಲಿಂದ ಕರೆಂಟ್ ಸೋರಲು ಶುರುವಾಗುತ್ತದೆ. ಗೀಸರ್ ಮಾತ್ರ ಎಂದಿನಂತೆ ನೀರು ಕಾಯಿಸುತ್ತಲೇ ಇರುತ್ತದೆ. ಮನೆಯವರಿಗೆ ಅನುಮಾನ ಬಾರದಿರಲು ಇದೇ ಕಾರಣ. ಆ ಅಮ್ಮ ಕೈ ಜುಮ್ಮೆನ್ನುವುದು ವಯಸ್ಸಿನಿಂದ ಎಂದು ಮೂರು ತಿಂಗಳು ಸುಮ್ಮನಿದ್ದರು.

ಪ್ಲಗ್ ಕಿತ್ತ ಗೀಸರಿಗೆ ಮೆಗ್ಗರ್ ಹಿಡಿದೆ. ಇದು 500 ವೋಲ್ಟ್ ಕೊಟ್ಟು, ತಂತಿಗೂ ಲೋಹದ ಮೈಗೂ ನಡುವೆ ಎಷ್ಟು ತಡೆ ಉಳಿದಿದೆ ಎಂದು ತೋರಿಸುವ ಉಪಕರಣ. ಒಳ್ಳೆಯ ಗೀಸರಿನಲ್ಲಿ ಒಂದು ಮೆಗಾಓಮಿಗಿಂತ, ಅಂದರೆ ಹತ್ತು ಲಕ್ಷ ಓಮಿಗಿಂತ ಹೆಚ್ಚು ಬರಬೇಕು. ಇಲ್ಲಿ ಬಂದದ್ದು ಸುಮಾರು 20,000 ಓಮ್. ಅಂದರೆ ಕಾಯಿಲ್ ಹೋಗಿದೆ.

ಹಂತ 4: ಫ್ಯೂಸ್ ಏಕೆ ಹೋಗಲಿಲ್ಲ?

"ಶಾಕ್ ಹೊಡೆಯುವಷ್ಟು ಕರೆಂಟ್ ಬಂದರೆ ಫ್ಯೂಸ್ ಹೋಗಬೇಕಲ್ಲ?" ಎಂದು ಅವರ ಮಗ ಕೇಳಿದರು. ಲೆಕ್ಕ ಮಾಡಿ ತೋರಿಸಿದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅದನ್ನು 20,000 ಓಮಿನಿಂದ ಭಾಗಿಸಿದರೆ ಸೋರಬಹುದಾದ ಕರೆಂಟ್ ಹೆಚ್ಚೆಂದರೆ 11.5 ಮಿಲಿಆಂಪಿಯರ್. ಮನುಷ್ಯನ ಕೈಯ ಸ್ನಾಯು ಬಿಗಿದುಕೊಳ್ಳಲು ಸುಮಾರು 10 ಮಿಲಿಆಂಪಿಯರ್ ಸಾಕು. ಆದರೆ ಆ ಗೀಸರಿನ ಫ್ಯೂಸ್ 15 ಆಂಪಿಯರಿನದು, ಅಂದರೆ ಈ ಸೋರಿಕೆಯ ಸಾವಿರ ಪಟ್ಟಿಗೂ ಮಿಕ್ಕಿದ್ದು. ಅದಕ್ಕೆ ಈ ಸೋರಿಕೆ ಗೊತ್ತೇ ಆಗುವುದಿಲ್ಲ. ಫ್ಯೂಸ್ ಇರುವುದು ತಂತಿ ಕಾದು ಬೆಂಕಿ ಹತ್ತದಿರಲಿ ಎಂದು. ಮನುಷ್ಯನನ್ನು ಶಾಕಿನಿಂದ ಕಾಯುವ ಕೆಲಸ ಅದರದಲ್ಲ.

ಆ ಮನೆಯ ಸ್ವಿಚ್ ಬೋರ್ಡಿನಲ್ಲಿ ಇದ್ದದ್ದು ಪಿಂಗಾಣಿಯ ಹಳೆಯ ಫ್ಯೂಸ್. ಅದಕ್ಕೆ ಮೆಕ್ಯಾನಿಕ್‌ಗಳು ಕಿಟ್‌ಕ್ಯಾಟ್ ಎನ್ನುತ್ತಾರೆ. ಬೋರ್ಡಿಗೆ ಕಚ್ಚಿಕೊಂಡಿರುವ ಭಾಗ ಬೇಸ್, ಕೈಯಲ್ಲಿ ಕಿತ್ತು ತೆಗೆಯುವ ಭಾಗ ಗ್ರಿಪ್ ಅಥವಾ ಕ್ಯಾರಿಯರ್, ಅದರಲ್ಲಿ ಕಟ್ಟುವುದು ಫ್ಯೂಸ್ ತಂತಿ. ಗ್ರಿಪ್ ಕಿತ್ತು ನೋಡಿದರೆ ಫ್ಯೂಸ್ ತಂತಿಯ ಬದಲು ಮಾಮೂಲು ವೈರಿನ ತಾಮ್ರದ ಎಳೆಗಳನ್ನು ನಾಲ್ಕೈದು ಒಟ್ಟಿಗೆ ಹೊಸೆದು ಕಟ್ಟಿದ್ದರು. ತವರ ಬಳಿದ ತಾಮ್ರದ ಫ್ಯೂಸ್ ತಂತಿ 5 ಆಂಪಿಯರಿಗೆ 0.2 ಮಿ.ಮೀ. ದಪ್ಪವಿದ್ದರೆ ಸಾಕು, 15 ಆಂಪಿಯರಿಗೆ 0.5 ಮಿ.ಮೀ. ದೀಪ ಮತ್ತು ಫ್ಯಾನಿನ ಸಾಲಿಗೆ ಮೊದಲನೆಯದು, ಗೀಸರಿಗೆ ಎರಡನೆಯದು. ಅದಕ್ಕಿಂತ ದಪ್ಪ ಕಟ್ಟಿದರೆ ಶಾರ್ಟ್ ಆದಾಗ ಫ್ಯೂಸ್ ತಂತಿ ಕರಗುವ ಮೊದಲೇ ಗೋಡೆಯೊಳಗಿನ ವೈರಿನ ಸಿಪ್ಪೆ ಕರಗುತ್ತದೆ. ಈಗ ಕಿಟ್‌ಕ್ಯಾಟ್‌ಗಳ ಜಾಗಕ್ಕೆ ಎಂಸಿಬಿ ಬಂದಿದೆ. ಅದು ತಾನಾಗಿ ಕೆಳಗೆ ಬೀಳುವ ಸ್ವಿಚ್. ಎಂಸಿಬಿ ಬಿದ್ದಾಗಲೂ ಜನ "ಫ್ಯೂಸ್ ಹೋಯಿತು" ಎಂದೇ ಹೇಳುವುದರಿಂದ, ಫೋನಿನಲ್ಲಿ ಯಾವುದೆಂದು ಬಿಡಿಸಿ ಹೇಳುವುದು ಒಳ್ಳೆಯದು.

ಹಂತ 5: ಅರ್ತ್ ತಂತಿಯ ಜಾಡು

ಗೋಡೆಯಲ್ಲಿರುವ ತ್ರೀಪಿನ್ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಮೇಲಿನ ದಪ್ಪ ತೂತು ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಪ್ಲಗ್ಗಿನ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ಒಳಗೆ ತೂರುವಾಗ ಅರ್ತ್ ಎಲ್ಲಕ್ಕಿಂತ ಮೊದಲು ತಾಗಲಿ, ಕೀಳುವಾಗ ಕೊನೆಗೆ ಬಿಡಲಿ ಎಂಬುದು ಅದರ ಉದ್ದೇಶ. ಆ ಪಿನ್ನನ್ನು ಮುರಿದು ಟೂ ಪಿನ್ ಸಾಕೆಟ್ಟಿಗೆ ತುರುಕುವುದು ಎಷ್ಟು ದೊಡ್ಡ ತಪ್ಪೆಂದು ಇದರಿಂದ ತಿಳಿಯಬಹುದು. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುವುದರಿಂದ ಅದಕ್ಕೆ ದೊಡ್ಡ ಸಾಕೆಟ್ಟೇ ಬೇಕು. ಅದರ ಮೇಲೆ 16 ಆಂಪಿಯರ್ ಎಂದು ಅಚ್ಚಾಗಿದ್ದರೂ ಬಾಯಿಮಾತಿನಲ್ಲಿ ಅದು "ಹದಿನೈದು ಆಂಪ್ಸ್" ಅಥವಾ "ಪವರ್ ಪ್ಲಗ್". ಅದಕ್ಕೆ ಎಳೆಯುವ ತಂತಿ "ಎರಡೂವರೆ ಎಂಎಂ", ಎಂದರೆ ದಪ್ಪವಲ್ಲ, 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರ.

ಮೇನ್ ಆರಿಸಿ ಬೋರ್ಡು ಬಿಚ್ಚಿದೆ. ಸಾಕೆಟ್ಟಿನ ಅರ್ತ್ ತಿರುಪಿನಲ್ಲಿ ತಂತಿ ಇತ್ತು, ಬಿಗಿಯಾಗಿಯೂ ಇತ್ತು. ಹಸಿರು ಸಿಪ್ಪೆಯ ತಂತಿ ಬೋರ್ಡಿನಲ್ಲಿ ಕಂಡರೆ ಅರ್ತಿಂಗ್ ಇದೆ ಎಂದು ಸಮಾಧಾನಪಡುವವರೇ ಹೆಚ್ಚು. ಆದರೆ ಆ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ನೋಡದೆ ಏನನ್ನೂ ಹೇಳಲಾಗದು. ಗೋಡೆಯ ಮೇಲಿನ ಮರದ ಪಟ್ಟಿಯುದ್ದಕ್ಕೂ ಅದನ್ನು ಹಿಡಿದು ಹೋದೆ. ಅದು ಹಿತ್ತಿಲ ಗೋಡೆಯಲ್ಲಿ ಹೊರಬಂದು, ಬಾವಿಯ ಕಡೆಯ ಜಿಐ ಪೈಪಿಗೆ, ಅಂದರೆ ಸತು ಬಳಿದ ಕಬ್ಬಿಣದ ಪೈಪಿಗೆ, ಒಂದು ಕ್ಲ್ಯಾಂಪಿನಲ್ಲಿ ಕಟ್ಟಿಕೊಂಡಿತ್ತು.

ಕಥೆ ಅಲ್ಲಿ ಬಿಚ್ಚಿಕೊಂಡಿತು. ಮನೆ ಕಟ್ಟಿದಾಗ ಬಾವಿಯಿಂದ ಬಚ್ಚಲಿನವರೆಗೆ ಎಲ್ಲವೂ ಜಿಐ ಪೈಪು. ಅದರ ತುದಿ ಬಾವಿಯ ನೀರಿನಲ್ಲಿ ಮುಳುಗಿದ್ದರಿಂದ ಆ ಪೈಪೇ ಅರ್ತಿಂಗ್ ಆಗಿ ನಡೆದುಕೊಂಡಿತ್ತು. ಎರಡು ವರ್ಷದ ಹಿಂದೆ ಹೊರಗಿನ ಪೈಪ್ ತುಕ್ಕು ಹಿಡಿದು ತೂತಾದಾಗ ಅದನ್ನು ಕಿತ್ತು ಪಿವಿಸಿ ಹಾಕಿದರು. ಪ್ಲಂಬರ್ ಮಾಡಿದ್ದು ನೀರಿನ ದೃಷ್ಟಿಯಿಂದ ಸರಿಯಾದ ಕೆಲಸವೇ. ಆದರೆ ಪಿವಿಸಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಗೋಡೆಯಲ್ಲಿ ಉಳಿದ ಜಿಐ ತುಂಡು, ಅದರ ನಳ್ಳಿ, ಗೀಸರಿನ ಮೈ, ಅರ್ತ್ ತಂತಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡೇ ಇದ್ದವು, ಮಣ್ಣಿನ ನಂಟು ಮಾತ್ರ ಕಡಿದಿತ್ತು. ಕಾಯಿಲಿನಿಂದ ಸೋರಿದ ಕರೆಂಟಿಗೆ ಬೇರೆ ದಾರಿಯಿಲ್ಲದೆ ಅದು ನಳ್ಳಿಯಲ್ಲಿ ಬಂದು ನಿಂತಿತ್ತು. ನೀರಿನ ಪೈಪನ್ನು ಅರ್ತಿಂಗ್ ಆಗಿ ಬಳಸಬಾರದೆನ್ನುವುದು ಇದಕ್ಕಾಗಿ. ಹಳೆಯ ಮನೆಯಲ್ಲಿ ಜಿಐ ತೆಗೆದು ಪ್ಲಾಸ್ಟಿಕ್ ಪೈಪ್ ಹಾಕಿಸುವವರು ಅದೇ ವಾರ ಅರ್ತ್ ತಂತಿಯ ತುದಿ ಎಲ್ಲಿದೆ ಎಂದು ನೋಡಿಸಿಕೊಳ್ಳಲೇಬೇಕು.

ಇಂಥ ಸಂದರ್ಭದಲ್ಲಿ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಸಾಕೆಟ್ಟಿನ ಒಳಗೆ ಅರ್ತ್ ತಿರುಪನ್ನು ನ್ಯೂಟ್ರಲಿಗೆ ಒಂದು ತುಂಡು ತಂತಿಯಿಂದ ಜೋಡಿಸುತ್ತಾರೆ. ಶಾಕ್ ಆ ಕ್ಷಣಕ್ಕೆ ನಿಲ್ಲುವುದು ನಿಜ. ಆದರೆ ಎಂದಾದರೂ ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ, ಅಥವಾ ಸಡಿಲಾದರೆ, ಗೀಸರಿನ ಮೈಯೂ ನಳ್ಳಿಯೂ ಪೂರ್ತಿ 230 ವೋಲ್ಟಿನ ಮಟ್ಟಕ್ಕೆ ಏರಿಬಿಡಬಹುದು. ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬೀಳುವ ಊರಿನಲ್ಲಿ ನ್ಯೂಟ್ರಲ್ ಕಡಿಯುವುದು ಎಂದೋ ಒಮ್ಮೆ ಆಗುವ ಸಂಗತಿಯಲ್ಲ. ಈ ಕೆಲಸವನ್ನು ಯಾರೇ ಮಾಡಿಕೊಡುತ್ತೇನೆಂದರೂ ಒಪ್ಪಬೇಡಿ.

ಹಂತ 6: ಅರ್ತ್ ಗುಂಡಿ, ಮುರಕಲ್ಲಿನ ನೆಲದಲ್ಲಿ

ಕಾಯಿಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಅರ್ತಿಂಗ್ ಮಾಡುವುದು ಒಂದು ದಿನದ್ದು, ಅದರಲ್ಲೂ ನಮ್ಮ ನೆಲದಲ್ಲಿ. ಉಡುಪಿ, ಮಂಗಳೂರಿನ ಗುಡ್ಡೆಗಳಲ್ಲಿ ಮೇಲ್ಪದರ ಮುರಕಲ್ಲು. ಮಳೆಗಾಲದಲ್ಲಿ ಅದರ ತೂತುಗಳಲ್ಲಿ ನೀರು ತುಂಬಿ ಕರೆಂಟ್ ಚೆನ್ನಾಗಿ ಇಳಿಯುತ್ತದೆ, ಮಾರ್ಚ್ ಹೊತ್ತಿಗೆ ಒಣಗಿ ಅದೇ ನೆಲ ಕರೆಂಟಿಗೆ ಬಾಗಿಲು ಮುಚ್ಚುತ್ತದೆ. ಮುರಕಲ್ಲಿನ ಪದರದ ಕೆಳಗೆ ಸಿಗುವ ಶೇಡಿಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಹಾಗಾಗಿ ಸಾಧ್ಯವಿದ್ದ ಕಡೆ ಕಲ್ಲು ದಾಟಿ ಆ ಮಣ್ಣಿನವರೆಗೆ ಇಳಿಯುವುದೇ ಸರಿ.

ಜಾಗವನ್ನು ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ, ಬಚ್ಚಲಿನ ನೀರು ಹರಿದು ಹೋಗುವ ಬಾಳೆಬುಡದ ಕಡೆಗೆ ಆರಿಸಿಕೊಂಡೆವು. ಬಾವಿಯ ಕಡೆ ಬೇಡವೆಂದೆ, ಏಕೆಂದರೆ ಗುಂಡಿಗೆ ಉಪ್ಪು ಹಾಕುತ್ತೇವೆ. 40 ಮಿ.ಮೀ. ಅಗಲದ, 2.5 ಮೀಟರ್ ಉದ್ದದ ಜಿಐ ಪೈಪ್ ತಂದು, ಅದರ ಕೆಳಭಾಗದಲ್ಲಿ ಅಲ್ಲಲ್ಲಿ 12 ಮಿ.ಮೀ. ತೂತು ಕೊರೆದು ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದೆವು. ಸುತ್ತಲೂ ಇದ್ದಿಲು, ನಮ್ಮ ಕಡೆಯ ಮಾತಿನಲ್ಲಿ ಮಸಿ, ಒಂದು ಪದರ, ಕಲ್ಲುಪ್ಪು ಒಂದು ಪದರ, ಹೀಗೆ ಒಂದರ ಮೇಲೊಂದು ಹಾಕುತ್ತ ಬಂದೆವು. ಇದ್ದಿಲು ತೇವ ಹಿಡಿಯುತ್ತದೆ, ಉಪ್ಪು ಆ ತೇವದಲ್ಲಿ ಕರೆಂಟ್ ಹರಿಯುವಂತೆ ಮಾಡುತ್ತದೆ. ಮೇಲುಗಡೆ ನೀರು ಹೊಯ್ಯಲು ಒಂದು ಫನಲ್, ಅದರ ಸುತ್ತ ಸಿಮೆಂಟಿನ ಚಿಕ್ಕ ತೊಟ್ಟಿ, ಮುಚ್ಚಲು ಒಂದು ಹಲಗೆ. ಪೈಪಿನ ಬದಲು ತಾಮ್ರದ ಅಥವಾ ಜಿಐ ತಗಡನ್ನು ಹೂಳುವ ಕ್ರಮವೂ ಇದೆ, ಅದಕ್ಕೆ ಪ್ಲೇಟ್ ಅರ್ತಿಂಗ್ ಎನ್ನುತ್ತಾರೆ. ಒಂದು ಮನೆಗೆ ಪೈಪ್ ಸಾಕು.

ಇಲ್ಲಿ ವಾಶರ್ ಎಂಬ ಶಬ್ದ ಮತ್ತೆ ಬರುತ್ತದೆ, ಆದರೆ ಇದು ಬೇರೆ ವಸ್ತು. ಅರ್ತ್ ತಂತಿಯನ್ನು ಪೈಪಿಗೆ ಬೋಲ್ಟಿನಿಂದ ಬಿಗಿಯುವಾಗ ತಂತಿಯ ಎರಡು ಕಡೆ ಲೋಹದ ಚಪ್ಪಟೆ ಬಿಲ್ಲೆ ಹಾಕುತ್ತೇವೆ. ಅದು ಪ್ಲೇನ್ ವಾಶರ್. ನಟ್ಟಿನ ಅಡಿಗೆ ಹಾಕುವ, ಒಂದು ಕಡೆ ಕತ್ತರಿಸಿ ಸ್ವಲ್ಪ ತಿರುಚಿದ ಉಂಗುರ ಸ್ಪ್ರಿಂಗ್ ವಾಶರ್. ಅದು ನಟ್ಟು ಸಡಿಲವಾಗದಂತೆ ಒತ್ತಿ ಹಿಡಿಯುತ್ತದೆ. ನಳ್ಳಿಯ ವಾಶರ್ ನೀರು ದಾಟದಂತೆ ತಡೆಯುವುದು, ಇದು ಕರೆಂಟ್ ದಾಟಿ ಹೋಗಲೆಂದು ಲೋಹಕ್ಕೆ ಲೋಹವನ್ನು ಒತ್ತಿಸುವುದು. ತಂತಿಯನ್ನು ಪೈಪಿಗೆ ಸುಮ್ಮನೆ ಸುತ್ತಿ ಬಿಟ್ಟರೆ ಕಡಲಗಾಳಿಯ ಉಪ್ಪಿಗೆ ಒಂದೆರಡು ಮಳೆಗಾಲದಲ್ಲಿ ನಡುವೆ ತುಕ್ಕು ಕೂತು ನಂಟು ಹೋಗುತ್ತದೆ. ಬೋಲ್ಟು ಬಿಗಿದ ಮೇಲೆ ಜೋಡಣೆಗೆ ದಪ್ಪವಾಗಿ ಗ್ರೀಸ್ ಬಳಿದೆವು. ಕೊನೆಗೆ, ಗೋಡೆಯಲ್ಲಿ ಉಳಿದಿದ್ದ ಜಿಐ ಪೈಪಿನ ತುಂಡಿನಿಂದಲೂ ಒಂದು ತಂತಿಯನ್ನು ಹೊಸ ಅರ್ತಿಗೆ ಸೇರಿಸಿದೆವು.

ಹಂತ 7: ಅರ್ತಿಂಗ್ ಸರಿಯಾಗಿದೆಯೇ ಎಂದು ತಿಳಿಯುವುದು

ಇದೇ ಹೆಚ್ಚಿನವರು ತಪ್ಪುವ ಜಾಗ. ರೂಢಿಯ ಪರೀಕ್ಷೆ ಎಂದರೆ ಟೆಸ್ಟ್ ಲ್ಯಾಂಪ್, ಅಂದರೆ ಎರಡು ತಂತಿ ಸಿಕ್ಕಿಸಿದ 100 ವ್ಯಾಟಿನ ಬಲ್ಬ್. ಒಂದು ತುದಿಯನ್ನು ಫೇಸಿಗೆ, ಇನ್ನೊಂದನ್ನು ಅರ್ತಿಗೆ ಇಟ್ಟು, ಬಲ್ಬ್ ಉರಿದರೆ "ಅರ್ತ್ ಉಂಟು" ಎಂದು ಹೇಳಿ ಹೋಗುತ್ತಾರೆ. ಬಲ್ಬ್ ಉರಿಯದಿದ್ದರೆ ಅರ್ತ್ ಇಲ್ಲವೆನ್ನುವುದು ನಿಜ. ಉರಿದರೆ ಒಳ್ಳೆಯದಿದೆ ಎಂಬುದು ಮಾತ್ರ ನಿಜವಲ್ಲ.

ಅರ್ತಿಂಗಿನ ತಡೆ 40 ಓಮ್ ಇದೆ ಎಂದಿಟ್ಟುಕೊಳ್ಳೋಣ. ಉರಿಯುವ 100 ವ್ಯಾಟಿನ ಬಲ್ಬಿನ ತಡೆ ಸುಮಾರು 529 ಓಮ್. ಎರಡೂ ಸೇರಿದ ದಾರಿಯಲ್ಲಿ ಅರ್ತಿಂಗಿನ ಪಾಲಿಗೆ ಬೀಳುವುದು 16 ವೋಲ್ಟ್ ಮಾತ್ರ, ಉಳಿದದ್ದೆಲ್ಲ ಬಲ್ಬಿಗೆ. ಹಾಗಾಗಿ ಬಲ್ಬ್ ಹೆಚ್ಚುಕಡಿಮೆ ಪೂರ್ತಿ ಬೆಳಕಿನಲ್ಲೇ ಉರಿಯುತ್ತದೆ. ಆದರೆ ನಾಳೆ ಗೀಸರಿನ ಮೈಗೆ ಫೇಸ್ ನೇರವಾಗಿ ತಗುಲಿದರೆ ಈ ಅರ್ತಿಂಗ್ ಎಳೆಯುವುದು 230 ಭಾಗಿಸು 40, ಅಂದರೆ 5.75 ಆಂಪಿಯರ್. 15 ಆಂಪಿಯರಿನ ಫ್ಯೂಸ್ ಹೋಗುವುದಿಲ್ಲ, ಗೀಸರಿನ ಮೈ ಹೆಚ್ಚುಕಡಿಮೆ 230 ವೋಲ್ಟಿನಲ್ಲೇ ನಿಂತಿರುತ್ತದೆ. ಅದೇ ತಡೆ 5 ಓಮ್ ಆಗಿದ್ದರೆ 46 ಆಂಪಿಯರ್ ಹರಿದು ಫ್ಯೂಸ್ ಕರಗುತ್ತದೆ. ಬಲ್ಬಿನ ಕಣ್ಣಿಗೆ ಈ ಎರಡೂ ಒಂದೇ. ಆದ್ದರಿಂದ ಅರ್ತ್ ಮೆಗ್ಗರ್ ತಂದು ಓಮಿನಲ್ಲಿ ಅಳೆದು ಹೇಳಿ ಎಂದು ಕೇಳಬೇಕು. ದೂರದಲ್ಲಿ ಎರಡು ಸಲಾಕೆ ನೆಟ್ಟು ಅಳೆಯುವ ಉಪಕರಣ ಅದು. ಮನೆಗೆ 5 ಓಮಿನ ಒಳಗೆ ಬಂದರೆ ಒಳ್ಳೆಯದು.

ಮುರಕಲ್ಲಿನ ನೆಲದಲ್ಲಿ ಎಪ್ರಿಲಿನಲ್ಲಿಯೂ 5 ಓಮ್ ಉಳಿಸಿಕೊಳ್ಳುವುದು ಕಷ್ಟ. ಅದಕ್ಕಾಗಿ ಮೇನ್ ಸ್ವಿಚ್ಚಿನ ಬಳಿಕ ಒಂದು ಆರ್‌ಸಿಸಿಬಿ ಹಾಕಿಸಿದೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಈಗಲೂ ಹಳೆಯ ಹೆಸರಿನಿಂದ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. ಇದು ಫೇಸಿನಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲಿನಲ್ಲಿ ಮರಳಿತೇ ಎಂದು ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನದಾದರೆ, ಅಷ್ಟು ವ್ಯತ್ಯಾಸ ಕಂಡೊಡನೆ ಬೀಳುತ್ತದೆ. 40 ಓಮಿನ ಒಣ ಅರ್ತಿಂಗಿನಲ್ಲಿ ಹರಿಯುವ 5.75 ಆಂಪಿಯರ್ ಅದಕ್ಕೆ ಬೇಕಾದುದಕ್ಕಿಂತ ಸುಮಾರು 190 ಪಟ್ಟು ಹೆಚ್ಚು, ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಹೋಗುತ್ತದೆ. ಇದಕ್ಕೂ ಮಿತಿಗಳಿವೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಇದು ಕಾಯಲಾರದು, ಏಕೆಂದರೆ ಹೋದದ್ದೆಲ್ಲ ಮರಳಿ ಬರುತ್ತಿರುತ್ತದೆ. ಆ ಅಮ್ಮನ ಗೀಸರಿನ 11.5 ಮಿಲಿಆಂಪಿಯರ್ ಸೋರಿಕೆಗೂ ಇದು ಬೀಳುತ್ತಿರಲಿಲ್ಲ. ಅಷ್ಟು ಸಣ್ಣದನ್ನು ಸದ್ದಿಲ್ಲದೆ ಮಣ್ಣಿಗೆ ಇಳಿಸುವುದು ಅರ್ತ್ ತಂತಿಯೇ. ಇಎಲ್‌ಸಿಬಿ ಇದೆಯೆಂದು ಅರ್ತಿಂಗ್ ಬಿಡುವಂತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಇಎಲ್‌ಸಿಬಿಯ ಮೈಮೇಲೆ ಟಿ ಅಕ್ಷರದ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದರೆ ಸ್ವಿಚ್ ಕೆಳಗೆ ಬೀಳಬೇಕು, ಬೀಳದಿದ್ದರೆ ಅದನ್ನು ಬದಲಿಸಬೇಕು. ಆ ಗುಂಡಿ ಪರೀಕ್ಷಿಸುವುದು ಇಎಲ್‌ಸಿಬಿಯನ್ನು ಮಾತ್ರ, ಅಂಗಳದ ಅರ್ತಿಂಗನ್ನಲ್ಲ.

ಅಂಗಳದ್ದಕ್ಕೆ ಬೇರೆ ಕ್ರಮವಿದೆ. ಡಿಸೆಂಬರಿನಲ್ಲಿ ಕೆಲಸ ಮುಗಿದ ದಿನ ಆ ಅರ್ತ್ ಗುಂಡಿ 4 ಓಮ್ ತೋರಿಸಿತ್ತು. ಎಪ್ರಿಲ್ ಕೊನೆಗೆ ಮತ್ತೆ ಹೋಗಿ ಅಳೆದಾಗ 17 ಬಂತು. ಫನಲಿನಲ್ಲಿ ನಾಲ್ಕು ಕೊಡ ನೀರು ಹೊಯ್ದು, ಊಟ ಮಾಡಿ ಬಂದು ಅಳೆದರೆ 8. ಎರಡೂ ದಿನಾಂಕ, ಮೂರೂ ಅಂಕಿಗಳನ್ನು ಮೀಟರ್ ಬೋರ್ಡಿನ ಬಾಗಿಲ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ. ಆ ಅಮ್ಮ ಈಗ ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ದಿನ, ತುಳಸಿಗೆ ನೀರು ಹಾಕುವಾಗ ಅಲ್ಲಿಗೂ ಎರಡು ಕೊಡ ಹಾಕುತ್ತಾರೆ. ಮಳೆಗಾಲದಲ್ಲಿ ಉಪ್ಪು ಕರಗಿ ಹೋಗುವುದರಿಂದ ಮತ್ತು ಉಳಿದ ಉಪ್ಪು ಜಿಐ ಪೈಪನ್ನು ತಿನ್ನುವುದರಿಂದ, ಮಳೆ ಬಿಟ್ಟ ಮೇಲೆ ಹಲಗೆ ತೆಗೆದು ಬೋಲ್ಟು ಮತ್ತು ಎರಡು ಬಗೆಯ ವಾಶರ್‌ಗಳನ್ನು ನೋಡಿ, ತುಕ್ಕು ಹಿಡಿದಿದ್ದರೆ ಬದಲಿಸಿ, ಮತ್ತೆ ಗ್ರೀಸ್ ಬಳಿಯುವುದು ವರ್ಷಕ್ಕೊಮ್ಮೆಯ ನನ್ನ ಕೆಲಸ.